‘ಎನ್ನಲಾಗಿದೆ’ ಅಂದ್ರೆ ಅಂದವರು ಯಾರು?

ಕಳ್ಳತನದ ಸುದ್ದಿಯಲ್ಲಿ ‘ಎನ್ನಲಾಗಿದೆ’, ‘ತಿಳಿದುಬಂದಿದೆ’, ‘ಕಂಡುಬಂದಿದೆ’ ಇಲ್ಲದ ದಿನವೇ ಇಲ್ಲ. ಇವು ಯಾವಾಗ ಬೇಕು, ಯಾವಾಗ ಬೇಡ ಅನ್ನೋದನ್ನ ಒಂದು ಮಾದರಿ ವರದಿ ಇಟ್ಟುಕೊಂಡು ನೋಡಬಹುದು.

“ಸಂತೆ ಬೀದಿಯ ಕಿರಾಣಿ ಅಂಗಡಿಯ ಶಟರ್ ಬೀಗ ಮುರಿಯಲಾಗಿದೆ ಎನ್ನಲಾಗಿದೆ. ಗಲ್ಲಾದಲ್ಲಿದ್ದ 40 ಸಾವಿರ ರೂ. ಕಳವಾಗಿದೆ ಎನ್ನಲಾಗಿದೆ. ಅಂಗಡಿಯ ಕೆಲಸದ ಹುಡುಗನೇ ಕದ್ದಿದ್ದಾನೆ ಎನ್ನಲಾಗಿದೆ.”

ಮೂರು ಸಾಲಿಗೂ ಒಂದೇ ಬಾಲ. ಮೊದಲನೆಯದಕ್ಕೆ ಅದು ಬೇಕಿಲ್ಲ. ಮುರಿದ ಬೀಗ ಬೆಳಿಗ್ಗೆಯಿಂದ ಅಂಗಡಿ ಮುಂದೆಯೇ ಬಿದ್ದಿದೆ, ಅರ್ಧ ಬೀದಿ ನೋಡಿದೆ. ಅದಕ್ಕೂ ‘ಎನ್ನಲಾಗಿದೆ’ ಹಾಕಿದರೆ ವರದಿಗಾರ ಆ ಕಡೆ ಹೋಗೇ ಇಲ್ಲ ಅಂತ ಓದುಗರಿಗೆ ಗೊತ್ತಾಗಿಬಿಡುತ್ತೆ.

ಎರಡನೆಯ ಸಾಲಿನ ಕಥೆ ಬೇರೆ. ಗಲ್ಲಾದಲ್ಲಿ ಎಷ್ಟಿತ್ತು ಅಂತ ಎಣಿಸಿದವರು ಮಾಲೀಕರೊಬ್ಬರೇ. ಎಫ್‌ಐಆರ್‌ನಲ್ಲಿ ಆ ಮೊತ್ತ ಇದ್ದರೂ ಅದು ದೂರುದಾರರ ಮಾತೇ, ಪೊಲೀಸರು ಲೆಕ್ಕ ಹಾಕಿದ್ದಲ್ಲ. ಹಾಗಾಗಿ ‘ಎಂದು ಮಾಲೀಕರು ದೂರಿನಲ್ಲಿ ತಿಳಿಸಿದ್ದಾರೆ’ ಅಂತ ಬರೆಯಬೇಕು. ನಾಳೆ ಮೊತ್ತ 25 ಸಾವಿರಕ್ಕೆ ಇಳಿದರೂ ವರದಿ ಸುಳ್ಳಾಗಲ್ಲ.

ಅಪಾಯ ಇರೋದು ಮೂರನೆಯ ಸಾಲಿನಲ್ಲಿ. ಹುಡುಗನ ಹೆಸರು ಹಾಕಿಲ್ಲ ನಿಜ, ಆದರೆ ಆ ಅಂಗಡಿಯಲ್ಲಿ ಕೆಲಸಕ್ಕಿರೋದು ಒಬ್ಬನೇ ಅಂದ್ರೆ ಬೀದಿಗೆಲ್ಲ ಗೊತ್ತಾಯ್ತು. ನಾಳೆ ಅವನಿಗೆ ಬೇರೆ ಅಂಗಡಿಯಲ್ಲೂ ಕೆಲಸ ಸಿಗೋದು ಕಷ್ಟ. ‘ಎನ್ನಲಾಗಿದೆ’ ಇದೆ ಅನ್ನೋ ಒಂದೇ ಕಾರಣಕ್ಕೆ ಮಾನನಷ್ಟದ ಮೊಕದ್ದಮೆ ತಪ್ಪಲ್ಲ. ಬೇರೆಯವರ ಆರೋಪವನ್ನು ದಾಟಿಸಿದರೂ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಅಡಿ ಕೇಸು ಬೀಳಬಹುದು. ಹುಡುಗನಿಗೆ 18 ತುಂಬಿಲ್ಲದಿದ್ದರಂತೂ ಗುರುತು ಸಿಗುವ ಯಾವ ವಿವರವನ್ನೂ ಹಾಕುವಂತಿಲ್ಲ, ಬಾಲನ್ಯಾಯ ಕಾಯ್ದೆ ಬಿಡಲ್ಲ. ಕದ್ದಿದ್ದಾನೆ ಅಂದವರು ಯಾರು? ಪಕ್ಕದ ಟೀ ಅಂಗಡಿಯ ಮಾತಾದರೆ ಆ ಸಾಲನ್ನೇ ತೆಗೆಯಬೇಕು.

‘ಪರಿಚಯಸ್ಥರದೇ ಕೃತ್ಯದಂತೆ ಕಂಡುಬಂದಿದೆ’ ಅನ್ನೋದೂ ಇಂಥದ್ದೇ. ಕಂಡಿದ್ದು ಯಾರಿಗೆ, ಏನನ್ನು ನೋಡಿ? ಗಲ್ಲಾದ ಬೀಗಕ್ಕೆ ಒಂದು ಗೀರೂ ಬಿದ್ದಿಲ್ಲ ಅನ್ನೋದು ಆಧಾರವಾಗಿದ್ದರೆ ಅದನ್ನೇ ಬರೆದರೆ ಸಾಕು. ‘ಕಂಡುಬಂದಿದೆ’ಗೆ ಸರಿಯಾದ ಜಾಗವೂ ಇದೆ: ಸಿಸಿಟಿವಿಯಲ್ಲಿ ಮಸುಕಾಗಿ ಇಬ್ಬರು ಕಾಣ್ತಾರೆ, ಮೂರನೆಯವನೋ ನೆರಳೋ ಗೊತ್ತಾಗ್ತಿಲ್ಲ. ಅಲ್ಲಿ ಅನುಮಾನ ನಿಜವಾದದ್ದು.

ಪೊಲೀಸರು ಯಾರನ್ನೂ ಹೆಸರಿಸದಿದ್ದರೆ ಮೇಲಿನ ವರದಿ ಹೀಗಾಗುತ್ತದೆ: “ಸಂತೆ ಬೀದಿಯ ಕಿರಾಣಿ ಅಂಗಡಿಯ ಶಟರ್ ಬೀಗವನ್ನು ರಾತ್ರಿ ಮುರಿಯಲಾಗಿದೆ. ಗಲ್ಲಾದಲ್ಲಿದ್ದ 40 ಸಾವಿರ ರೂ. ಕಳವಾಗಿದೆ ಎಂದು ಮಾಲೀಕರು ದೂರು ನೀಡಿದ್ದಾರೆ. ಯಾರನ್ನೂ ಬಂಧಿಸಿಲ್ಲ ಎಂದು ಪೊಲೀಸರು ತಿಳಿಸಿದ್ದಾರೆ.”