ರೂಪ ಕೊಂಕಣಿಯದು, ವಿನ್ಯಾಸ ಕನ್ನಡದ್ದು: ಉತ್ತರ ಕನ್ನಡ ಕರಾವಳಿಯ ಒಂದು ವಾಕ್ಯರಚನೆ

ಭಾಷೆಗಳ ನಡುವಿನ ಕೊಡುಕೊಳೆ ಎಂದೊಡನೆ ನಾವು ಸಾಮಾನ್ಯವಾಗಿ ಪದಗಳ ಪಟ್ಟಿ ಮಾಡಲು ತೊಡಗುತ್ತೇವೆ. ಪದಗಳನ್ನು ಪತ್ತೆ ಹಚ್ಚುವುದು ಸುಲಭ, ಏಕೆಂದರೆ ಅವು ತಮ್ಮ ಮೂಲದ ಗುರುತನ್ನು ಮೈಮೇಲೆ ಹೊತ್ತೇ ಬರುತ್ತವೆ. ಆದರೆ ಒಂದು ಭಾಷೆ ತನ್ನ ಪದ, ಪ್ರತ್ಯಯಗಳನ್ನೆಲ್ಲ ಹಾಗೇ ಉಳಿಸಿಕೊಂಡು ಅವನ್ನು ಜೋಡಿಸುವ ಕ್ರಮವನ್ನಷ್ಟೇ ನೆರೆಭಾಷೆಯಿಂದ ಪಡೆಯಬಹುದು. ಆಗ ಪಟ್ಟಿಯಲ್ಲಿ ಏನೂ ಸಿಗುವುದಿಲ್ಲ. ಪಪುವಾ ನ್ಯೂಗಿನಿಯ ಕಾರ್ಕರ್ ದ್ವೀಪದ ತಾಕಿಯಾ ಭಾಷೆ ಇದಕ್ಕೆ ಹೆಸರಾದ ನಿದರ್ಶನ. ಅದರ ಪದಗಳು ಓಷಿಯಾನಿಕ್ ಕುಲದವು. ಆದರೆ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದು, ಸಂಬಂಧಸೂಚಕಗಳು ನಾಮಪದದ ಹಿಂದೆ ಕೂರುವುದು ಪಕ್ಕದ ವಾಸ್ಕಿಯಾ ಭಾಷೆಯ ರೀತಿ. ಈ ಬಗೆಯ ಬದಲಾವಣೆಗೆ ಮಾಲ್ಕಮ್ ರಾಸ್ ‘ಮೆಟಾಟೈಪಿ’ ಎಂದು ಹೆಸರಿಟ್ಟರು.

ಅಷ್ಟು ದೂರ ಹೋಗುವ ಅಗತ್ಯ ನಮಗಿಲ್ಲ. ಕುಮಟಾ, ಹೊನ್ನಾವರ, ಭಟ್ಕಳಗಳ ಸಾರಸ್ವತ ಮನೆಗಳಲ್ಲಿ ಆಡುವ ಕೊಂಕಣಿಯಲ್ಲೇ ಇದು ಕಾಣುತ್ತದೆ. ಮಂಗೇಶ ವಿ. ನಾಡಕರ್ಣಿ 1975ರಲ್ಲಿ ‘ಲ್ಯಾಂಗ್ವೇಜ್’ ಪತ್ರಿಕೆಯಲ್ಲಿ ಕರ್ನಾಟಕದ ಸಾರಸ್ವತ ಕೊಂಕಣಿಯ ಒಂದೇ ಒಂದು ರಚನೆಯನ್ನು ಹಿಡಿದು ಬರೆದ ಲೇಖನ ಇಂದಿಗೂ ಈ ವಿಷಯದ ಚರ್ಚೆಗಳಲ್ಲಿ ಮರಳಿ ಮರಳಿ ಬರುತ್ತದೆ. ಅವರ ಪ್ರಸಿದ್ಧ ವಾಕ್ಯವನ್ನೇ ನೋಡೋಣ:

ಖಂಚೊ ಮ್ಹಾಂತಾರೊ ಪೇಪರ್ ವಾಚ್ಚತ್ ಆಸ್ಸ ಕಿ, ತೊ ಡಾಕ್ಟರು ಆಸ್ಸ.

ಇದಕ್ಕೆ ಅವರು ಜೋಡಿಸಿದ ಕನ್ನಡ ವಾಕ್ಯ ‘ಯಾವ ಮುದುಕನು ಪೇಪರ್ ಓದುತ್ತ ಇದ್ದಾನೋ ಅವನು ಡಾಕ್ಟರನು ಇದ್ದಾನೆ’. ಎರಡನ್ನೂ ಒಂದರ ಕೆಳಗೊಂದು ಇಟ್ಟರೆ ಪದಕ್ಕೆ ಪದ ಸರಿಹೊಂದುತ್ತದೆ. ‘ಯಾವ’ ಇರುವಲ್ಲಿ ‘ಖಂಚೊ’ ಇದೆ, ‘-ಓ’ ಬರುವಲ್ಲಿ ‘ಕಿ’ ಬಂದಿದೆ, ‘ಅವನು’ ಎಂಬಲ್ಲಿ ‘ತೊ’ ನಿಂತಿದೆ. ಆದರೆ ಕೊಂಕಣಿ ವಾಕ್ಯದಲ್ಲಿ ಕನ್ನಡದ ಒಂದು ಪ್ರತ್ಯಯವೂ ಇಲ್ಲ. ಪೇಪರ್, ಡಾಕ್ಟರ್ ಎರಡೂ ಭಾಷೆಗಳಿಗೆ ಇಂಗ್ಲಿಷಿನಿಂದ ಬಂದವು. ಮಿಕ್ಕವೆಲ್ಲ ಕೊಂಕಣಿಯ ಸ್ವಂತ ಸೊತ್ತು.

ಆರ್ಯಭಾಷೆಗಳ ಹಳೆಯ ರೀತಿ ಇದಲ್ಲ. ಸಂಸ್ಕೃತದ ‘ಯಃ–ಸಃ’ ಜೋಡಿಯಿಂದ ಇಳಿದು ಬಂದ ‘ಜೊ–ತೊ’ ಮರಾಠಿಯಲ್ಲೂ ಗೋವೆಯ ಕೊಂಕಣಿಯಲ್ಲೂ ಉಳಿದಿದೆ. ಆ ರೀತಿಯಲ್ಲಾದರೆ ‘ಜೊ ಮ್ಹಾಂತಾರೊ ಪೇಪರ್ ವಾಚ್ಚತ್ ಆಸ್ಸ, ತೊ ಡಾಕ್ಟರು ಆಸ್ಸ’ ಎನ್ನಬೇಕು. ಇದಕ್ಕೆಂದೇ ಮೀಸಲಾದ ಸರ್ವನಾಮ ‘ಜೊ’. ಅದು ಪ್ರಶ್ನೆ ಕೇಳುವುದಿಲ್ಲ, ಉಪವಾಕ್ಯದ ಕೊನೆಗೆ ಇನ್ನೊಂದು ಗುರುತನ್ನೂ ಬೇಡುವುದಿಲ್ಲ. ಕನ್ನಡದಲ್ಲಿ ಅಂಥ ಮೀಸಲು ಸರ್ವನಾಮವೇ ಇಲ್ಲ. ಪ್ರಶ್ನಾರ್ಥಕ ‘ಯಾವ’ವನ್ನೇ ಕರೆದು, ಕೊನೆಗೆ ಸಂದೇಹದ ‘-ಓ’ ಸೇರಿಸಿ ಪ್ರಶ್ನೆಯ ಮೊನೆಯನ್ನು ಮೊಂಡು ಮಾಡಿ ಕೆಲಸ ತೆಗೆಯುತ್ತೇವೆ. ಕರ್ನಾಟಕದ ಸಾರಸ್ವತರು ‘ಜೊ’ವನ್ನು ಹಿಂದೆ ಸರಿಸಿ ಈ ಎರಡು ಹೆಜ್ಜೆಗಳನ್ನೂ ತಮ್ಮ ಭಾಷೆಯ ಸಾಮಗ್ರಿಯಿಂದಲೇ ಹಾಕಿದ್ದಾರೆ.

‘-ಓ’ಗೆ ಪ್ರತಿಯಾಗಿ ‘ಕಿ’ಯನ್ನೇ ಆರಿಸಿದ್ದು ಆಕಸ್ಮಿಕವಲ್ಲ. ‘ಬರುತ್ತಾನೋ ಇಲ್ಲವೋ’ ಎನ್ನುವಾಗ ಕನ್ನಡದಲ್ಲಿ ‘-ಓ’ ಮಾಡುವ ವಿಕಲ್ಪದ ಕೆಲಸವನ್ನು ಕೊಂಕಣಿಯಲ್ಲಿ ‘ಕಿ’ ಮೊದಲೇ ಮಾಡುತ್ತಿತ್ತು. ಎರಡು ಭಾಷೆಯವನ ಮನಸ್ಸಿನಲ್ಲಿ ಈ ಒಂದು ಬಳಕೆಯಲ್ಲಿ ಇವೆರಡೂ ಜೊತೆಯಾದವು. ಆಮೇಲೆ ‘-ಓ’ ಹೋದಲ್ಲೆಲ್ಲ ‘ಕಿ’ಯೂ ಹಿಂಬಾಲಿಸಿತು. ವಿನ್ಯಾಸದ ನಕಲು ಸಾಮಾನ್ಯವಾಗಿ ಹೀಗೇ ನಡೆಯುತ್ತದೆ: ಮೊದಲು ಒಂದು ಅರ್ಥದಲ್ಲಿ ಸಮೀಕರಣ, ಆಮೇಲೆ ಉಳಿದ ಬಳಕೆಗಳ ವರ್ಗಾವಣೆ.

ಇದು ಕೊಂಕಣಿಯ ಒಳಗಿನ ಸಹಜ ಬೆಳವಣಿಗೆ ಆಗಿರಬಾರದೇಕೆ? ಇಲ್ಲಿ ಎಚ್ಚರ ಬೇಕು. ಎರಡು ಭಾಷೆಗಳಲ್ಲಿ ಒಂದೇ ರಚನೆ ಕಂಡ ಮಾತ್ರಕ್ಕೆ ಸಾಲ ಎನ್ನುವುದು ನಮ್ಮಲ್ಲಿ ಬಹುಬೇಗ ಆಗಿಬಿಡುವ ತಪ್ಪು. ‘ನನಗೆ ಬೇಕು’ ಎಂಬಲ್ಲಿ ಚತುರ್ಥಿ ಇದೆ, ಕೊಂಕಣಿಯ ‘ಮಾಕಾ ಜಾಯ್’ನಲ್ಲೂ ಇದೆ. ಆದರೆ ಮರಾಠಿಯ ‘ಮಲಾ ಪಾಹಿಜೆ’, ಹಿಂದಿಯ ‘ಮುಝೇ ಚಾಹಿಯೇ’ಗಳಲ್ಲೂ ಅದೇ ವಿಭಕ್ತಿ ಇರುವುದರಿಂದ ಇದರ ಆಧಾರದ ಮೇಲೆ ಹೊನ್ನಾವರದಲ್ಲಿ ಏನಾಯಿತೆಂದು ಹೇಳಲಾಗದು. ಕೃದಂತ ವಿಶೇಷಣವೂ ಅಷ್ಟೇ. ‘ಪೇಪರ್ ಓದುತ್ತ ಇದ್ದ ಮುದುಕ’ ಎಂಬಂತೆ ಸಾರಸ್ವತರೂ ‘ಪೇಪರ್ ವಾಚ್ಚತ್ ಆಶಿಲ್ಲೊ ಮ್ಹಾಂತಾರೊ’ ಎನ್ನುತ್ತಾರೆ. ಮರಾಠಿಯಲ್ಲೂ ಈ ಜಾತಿಯ ರಚನೆ ಇರುವುದರಿಂದ ಕನ್ನಡವು ಅದರ ಬಳಕೆಯನ್ನು ಹೆಚ್ಚಿಸಿರಬಹುದು ಎನ್ನಬಹುದೇ ಹೊರತು ಹುಟ್ಟಿಸಿತು ಎನ್ನಲಾಗದು. ‘ಖಂಚೊ… ಕಿ’ಯ ಸಂಗತಿ ಬೇರೆ. ಅದು ಕನ್ನಡದ ಸಂಪರ್ಕ ದಟ್ಟವಾಗಿರುವ ಕೊಂಕಣಿಯಲ್ಲಿದೆ; ಗೋವೆಯ ಸೋದರ ಉಪಭಾಷೆ ಇನ್ನೂ ‘ಜೊ’ವನ್ನು ಹಿಡಿದುಕೊಂಡಿದೆ. ಜೊತೆಗೆ ಪ್ರಶ್ನಾರ್ಥಕ ಮತ್ತು ಕೊನೆಯ ನಿಪಾತ ಎಂಬ ಒಂದಕ್ಕೊಂದು ನಂಟಿಲ್ಲದ ಎರಡು ಲಕ್ಷಣಗಳು ಒಟ್ಟಾಗಿಯೇ ಬಂದಿವೆ. ಒಂದಾದರೆ ಕಾಕತಾಳೀಯ ಎನ್ನಬಹುದಿತ್ತು.

ಏಕೆ ಬಂತು ಎಂಬುದಕ್ಕೆ ನಾಡಕರ್ಣಿಯವರ ಉತ್ತರ ನನಗೆ ಇಡೀ ಲೇಖನದ ತಿರುಳೆನಿಸುತ್ತದೆ. ಕೊಂಕಣಿಗೆ ಈ ರಚನೆಯ ಕೊರತೆ ಇರಲಿಲ್ಲ, ‘ಜೊ–ತೊ’ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಇಲ್ಲದ್ದನ್ನು ತುಂಬಿಕೊಳ್ಳಲು ಮಾತ್ರ ಭಾಷೆ ಸಾಲ ಮಾಡುತ್ತದೆ ಎಂಬ ವಾದ ಇಲ್ಲಿ ಬಿದ್ದುಹೋಗುತ್ತದೆ. ಇದ್ದದ್ದು ಒಮ್ಮುಖದ, ತಲೆಮಾರುಗಳ ದ್ವಿಭಾಷಿಕತೆ. ಪೋರ್ಚುಗೀಸರ ಕಾಲದಲ್ಲಿ ಗೋವೆಯಿಂದ ದಕ್ಷಿಣಕ್ಕೆ ಬಂದ ಈ ಸಣ್ಣ ಸಮುದಾಯ ಮನೆಯೊಳಗೆ ಕೊಂಕಣಿಯನ್ನೂ ಹೊಸ್ತಿಲಾಚೆ ಕನ್ನಡವನ್ನೂ ಆಡಿತು. ಶಿರಾಲಿಯ ಚಿತ್ರಾಪುರ ಮಠದ ಶಿಷ್ಯವರ್ಗದ ಅನೇಕ ಮನೆತನಗಳು ಶಾನುಭೋಗಿಕೆಯವು, ಅಂದರೆ ಊರಿನ ಲೆಕ್ಕವನ್ನು ಕನ್ನಡದಲ್ಲಿ ಬರೆದವು. ಸುತ್ತಲಿನ ಕನ್ನಡಿಗರಿಗೆ ಕೊಂಕಣಿ ಕಲಿಯುವ ಜರೂರೇ ಇರಲಿಲ್ಲ. ಪದ ಬದಲಾದರೆ ಮನೆಯವರ ಕಿವಿಗೆ ತಟ್ಟುತ್ತದೆ, ಜೋಡಣೆ ಬದಲಾದದ್ದು ಯಾರ ಲಕ್ಷ್ಯಕ್ಕೂ ಬಾರದೆ ಒಳಗೆ ಬರುತ್ತದೆ.

ಹಾಗೆಂದು ಕನ್ನಡದ ವ್ಯಾಕರಣ ಇಡಿಯಾಗಿ ಬಂದು ಕುಳಿತಿಲ್ಲ. ಭೂತಕಾಲದ ಸಕರ್ಮಕ ವಾಕ್ಯಗಳಲ್ಲಿ ಕೊಂಕಣಿಯ ವಿಭಕ್ತಿ ಪದ್ಧತಿ ಗಟ್ಟಿಯಾಗಿ ನಿಂತಿದೆ. ‘ತಾಣೆ ಆಂಬೊ ಖೆಲ್ಲೊ’ ಎಂದರೆ ಅವನು ಮಾವಿನಹಣ್ಣು ತಿಂದನು. ‘ತಿಣೆ ಆಂಬೊ ಖೆಲ್ಲೊ’ ಎಂದರೆ ಅವಳು ತಿಂದಳು. ಕರ್ತೃವಿಗೆ ಬೇರೆಯೇ ಪ್ರತ್ಯಯ ಹತ್ತಿದೆ. ತಿಂದವಳು ಹೆಂಗಸಾದರೂ ಕ್ರಿಯಾಪದ ಪುಲ್ಲಿಂಗದಲ್ಲೇ ಇದೆ, ಏಕೆಂದರೆ ಅದು ಹೊಂದಿಕೊಂಡಿರುವುದು ಆಂಬೊಗೆ. ಕನ್ನಡದ ಒತ್ತಡ ವಾಕ್ಯಗಳ ಜೋಡಣೆಯಲ್ಲಿ ಗೆದ್ದು, ಕ್ರಿಯಾರೂಪದೊಳಗಿನ ಈ ಹೊಂದಾಣಿಕೆಯ ಮುಂದೆ ಸೋತಿದೆ.

ಇನ್ನೊಂದು ಮಾತು. ನಾಡಕರ್ಣಿಯವರು ಕೊಟ್ಟ ಕನ್ನಡ ವಾಕ್ಯದ ಕೊನೆಯ ‘ಡಾಕ್ಟರನು ಇದ್ದಾನೆ’ಯನ್ನು ಗಮನಿಸಿ. ನಮ್ಮಲ್ಲಿ ಬಹುತೇಕರು ‘ಅವನು ಡಾಕ್ಟರ್’ ಎಂದು ಅಲ್ಲಿಗೇ ನಿಲ್ಲಿಸುತ್ತಾರೆ, ‘ಇದ್ದಾನೆ’ ಬೇಡ. ಕೊಂಕಣಿಯ ‘ಆಸ್ಸ’ದ ನೆರಳು ಅದರ ಮೇಲೆ ಬಿದ್ದಿದೆ ಎಂದು ನನ್ನ ಊಹೆ. ಕನ್ನಡದ ಅಚ್ಚಿನಲ್ಲಿ ಕೊಂಕಣಿ ಎರಕವಾಗಿದೆ ಎಂದು ತೋರಿಸುವ ಸಾಕ್ಷಿಯಲ್ಲೇ ಕೊಂಕಣಿಗರ ಕನ್ನಡವೂ ಇಣುಕಿದರೆ, ಹೋಲಿಕೆಗೆ ಯಾರ ಕನ್ನಡವನ್ನು ಬಳಸಬೇಕೆಂಬ ಪ್ರಶ್ನೆ ಏಳುತ್ತದೆ. ಸಾರಸ್ವತರು ದಿನವೂ ಕೇಳಿದ್ದು ನಾಮಧಾರಿ, ಹಾಲಕ್ಕಿ, ಹವ್ಯಕರ ಮಾತನ್ನು. ಹೋಲಿಸಬೇಕಾದದ್ದು ಅದರೊಂದಿಗೆ.

ಇದೇ ಪರೀಕ್ಷೆಯನ್ನು ಭಟ್ಕಳ, ಜಾಲಿಯ ನವಾಯತರ ಮಾತಿಗೂ ಹಚ್ಚುವುದು ಒಳ್ಳೆಯದು. ನವಾಯತಿಯೂ ಕೊಂಕಣಿಯ ಬಳಗದ್ದೇ, ಆದರೆ ಅದರ ಮೇಲೆ ಎರಡು ಮಾದರಿಗಳ ಒತ್ತಡವಿದೆ. ಪೇಟೆಯಲ್ಲಿ, ಕಚೇರಿಯಲ್ಲಿ ಕನ್ನಡ. ಮದರಸಾದಲ್ಲಿ, ಪ್ರವಚನದಲ್ಲಿ ಉರ್ದು. ಗ್ರಾಂಥಿಕ ಉರ್ದುವಿನಲ್ಲಿ ‘ಜೋ’ ಜೀವಂತವಾಗಿರುವುದರಿಂದ ಅದು ಹಳೆಯ ರಚನೆಗೆ ಊರುಗೋಲಾಗಬಲ್ಲದು. ದಖ್ಖನಿ ಉರ್ದುವಾದರೋ ತಾನೇ ದ್ರಾವಿಡ ಜಾಡಿನಲ್ಲಿ ನಡೆದು, ನಮ್ಮ ‘ಅಂತ’ ಇರುವಲ್ಲಿ ‘ಬೋಲ್‌ಕೆ’ ಎನ್ನುತ್ತದೆ. ಆದ್ದರಿಂದ ಮುದುಕ ಮತ್ತು ಪೇಪರಿನ ವಾಕ್ಯವನ್ನು ಮದರಸಾದಲ್ಲಿ ಕಲಿತವರಿಂದಲೂ, ಕನ್ನಡ ಶಾಲೆಯಲ್ಲಿ ಕಲಿತವರಿಂದಲೂ, ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯರಿಂದಲೂ ಬೇರೆ ಬೇರೆಯಾಗಿ ಕೇಳಿ ಬರೆದುಕೊಳ್ಳಬೇಕು. ಅದನ್ನು ಅನುವಾದಿಸಿ ಎಂದು ಕೇಳಬಾರದು. ಕನ್ನಡ ವಾಕ್ಯವನ್ನು ಮುಂದಿಟ್ಟು ಕೇಳಿದರೆ ಬರುವ ಉತ್ತರವೂ ಕನ್ನಡದ ಕ್ರಮವನ್ನೇ ಹಿಡಿಯುತ್ತದೆ. ಚಿತ್ರ ತೋರಿಸಿ, ‘ಇವರಲ್ಲಿ ಡಾಕ್ಟರ್ ಯಾರು’ ಎಂದು ನವಾಯತಿಯಲ್ಲೇ ಮಾತಿಗೆ ಎಳೆಯಬೇಕು.