ಆರ್ಟಿಕಲ್‌ಗೂ ನಾಮಪದಕ್ಕೂ ನಡುವೆ ಏಳು ಪದ

1905ರ ಮೇ ತಿಂಗಳಲ್ಲಿ ಬರ್ನ್ ನಗರದ ಪೇಟೆಂಟ್ ಕಚೇರಿಯ ನೌಕರ ಆಲ್ಬರ್ಟ್ ಐನ್‌ಸ್ಟೈನ್ 'ಅನಾಲೆನ್ ಡೆರ್ ಫಿಸೀಕ್' ಪತ್ರಿಕೆಗೆ ಒಂದು ಪ್ರಬಂಧ ಕಳಿಸಿದರು. ಬ್ರೌನಿಯನ್ ಚಲನೆಯನ್ನು ವಿವರಿಸಿ, ಅಣುಗಳು ನಿಜವಾಗಿ ಇವೆ ಎಂಬ ವಾದಕ್ಕೆ ಬಲ ಕೊಟ್ಟ ಪ್ರಬಂಧ ಅದು. ಭೌತವಿಜ್ಞಾನಿಗಳು ಅದರ ಸಮೀಕರಣಗಳನ್ನು ನೆನೆದರೆ, ಜರ್ಮನ್ ಕಲಿಯುವವರು ಅದರ ಶೀರ್ಷಿಕೆಯಲ್ಲೇ ಎಡವುತ್ತಾರೆ: 'ಯೂಬರ್ ಡಿ ಫೊನ್ ಡೆರ್ ಮೊಲೆಕ್ಯುಲಾರ್‌ಕಿನೆಟಿಶನ್ ಟೆಯೊರಿ ಡೆರ್ ವೇರ್ಮೆ ಗೆಫೋರ್ಡರ್ಟೆ ಬೆವೆಗುಂಗ್ ಫೊನ್ ಇನ್ ರುಹೆಂಡನ್ ಫ್ಲ್ಯುಸಿಗ್‌ಕೈಟನ್ ಝುಸ್ಪೆಂಡಿಯರ್ಟನ್ ಟೈಲ್ಶನ್.'

'ಡಿ' ಎಂಬುದು ಆರ್ಟಿಕಲ್. ಅದು ಹಿಡಿದಿರುವ ನಾಮಪದ 'ಬೆವೆಗುಂಗ್', ಅಂದರೆ ಚಲನೆ. ಎರಡರ ನಡುವೆ ಏಳು ಪದಗಳು ಕೂತಿವೆ. ಆ ಏಳರಲ್ಲಿ ಕೊನೆಯದು 'ಗೆಫೋರ್ಡರ್ಟೆ' ಎಂಬ ಕೃದಂತ; ಅಪೇಕ್ಷಿಸಲಾದ ಎಂದು ಅದರ ಅರ್ಥ. ಅದಕ್ಕೆ ಮುಂಚಿನ ಆರು ಪದಗಳು ಯಾವುದು ಅಪೇಕ್ಷಿಸಿತು ಎಂಬುದನ್ನು ಹೇಳುತ್ತವೆ: ಶಾಖದ ಅಣುಚಲನ ಸಿದ್ಧಾಂತ. ಶೀರ್ಷಿಕೆಯ ಉತ್ತರಾರ್ಧದಲ್ಲಿ ಇದೇ ಜೋಡಣೆ ಮತ್ತೊಮ್ಮೆ ಬರುತ್ತದೆ. 'ಟೈಲ್ಶನ್', ಅಂದರೆ ಕಣಗಳು, ಎಂಥವು? ನಿಶ್ಚಲ ದ್ರವಗಳಲ್ಲಿ ತೂಗಾಡುತ್ತಿರುವಂಥವು. ಅಲ್ಲಿ ನಿಶ್ಚಲ ಎನ್ನಲು ಬಳಸಿದ 'ರುಹೆಂಡನ್' ಕೂಡ ಇನ್ನೊಂದು ಕೃದಂತವೇ.

ಅದೇ ವರ್ಷದ ಬೆಳಕಿನ ಕ್ವಾಂಟಮ್ ಪ್ರಬಂಧದ ಶೀರ್ಷಿಕೆಯಲ್ಲಿ 'ಐನನ್' ಮತ್ತು 'ಡಿ' ಎಂಬ ಎರಡು ಆರ್ಟಿಕಲ್‌ಗಳು ಒಂದರ ಪಕ್ಕ ಒಂದು ನಿಂತಿವೆ. ಮೊದಲನೆಯದು ಶೀರ್ಷಿಕೆಯ ಕಟ್ಟಕಡೆಯ ನಾಮಪದಕ್ಕೆ ಸೇರಿದ್ದು, ಎರಡನೆಯದು ನಡುವಿನ ವಿವರಣೆಗೆ ಸೇರಿದ್ದು. ಸಾಪೇಕ್ಷತೆಯ ಪ್ರಬಂಧಕ್ಕೆ 'ಚಲಿಸುವ ಕಾಯಗಳ ವಿದ್ಯುಚ್ಚಲನಶಾಸ್ತ್ರದ ಕುರಿತು' ಎಂಬ ಹೆಸರು. ಅಲ್ಲಿ ಕೃದಂತ ಒಂದೇ, ಅದೂ ಚಿಕ್ಕದು. ಐನ್‌ಸ್ಟೈನ್ ಇದನ್ನೆಲ್ಲ ಬೇಕೆಂದೇ ಕಷ್ಟ ಮಾಡಲು ಬರೆದದ್ದಲ್ಲ. ಆ ಹೊತ್ತಿಗೆ ಮುನ್ನೂರು ವರ್ಷ ಬಾಳಿದ್ದ ಒಂದು ರೂಢಿ ಅವರ ಲೇಖನಿಗೂ ಸಹಜವಾಗಿತ್ತು.

ಈ ರಚನೆಯ ಬುಡ ಸರಳ. ಜರ್ಮನ್ ಕ್ರಿಯಾಪದದಿಂದ ಎರಡು ಕೃದಂತಗಳು ಹುಟ್ಟುತ್ತವೆ. ಒಂದು 'ಎಂಡ್' ಎಂದು ಮುಗಿದು, ಮಾಡುತ್ತಿರುವ ಎಂಬ ಅರ್ಥ ಕೊಡುತ್ತದೆ. ಇನ್ನೊಂದು ಸಾಮಾನ್ಯವಾಗಿ 'ಗೆ' ಎಂದು ಶುರುವಾಗಿ, ಮಾಡಲಾದ ಅಥವಾ ಆಗಿಹೋದ ಎಂಬ ಅರ್ಥ ಕೊಡುತ್ತದೆ. ಎರಡೂ ವಿಶೇಷಣದಂತೆ ನಾಮಪದದ ಮುಂದೆ ನಿಂತು, ಅದರ ಲಿಂಗ, ವಚನ, ವಿಭಕ್ತಿಗಳಿಗೆ ತಕ್ಕ ಪ್ರತ್ಯಯ ಹಚ್ಚಿಕೊಳ್ಳುತ್ತವೆ. ಆದರೆ ಕ್ರಿಯಾಪದದ ಗುಣ ಪೂರ್ತಿ ಹೋಗುವುದಿಲ್ಲ. ಯಾರಿಂದ, ಎಲ್ಲಿ, ಯಾವಾಗ, ಯಾವ ಷರತ್ತಿನ ಮೇಲೆ ಎಂಬ ತನ್ನ ಪರಿವಾರವನ್ನೆಲ್ಲ ಕೃದಂತ ಎಡಗಡೆಗೆ ಎಳೆದುಕೊಳ್ಳಬಲ್ಲದು.

ಕನ್ನಡ ಓದುಗರಿಗೆ ಈ ಕ್ರಮ ಹೊಸದೇನಲ್ಲ. 'ನಿಶ್ಚಲ ದ್ರವಗಳಲ್ಲಿ ತೂಗಾಡುತ್ತಿರುವ ಕಣಗಳು' ಎಂದು ನಾವೂ ವಿವರಣೆಯನ್ನೆಲ್ಲ ಮೊದಲು ಹೇಳಿ ನಾಮಪದವನ್ನು ಕೊನೆಗೇ ಇಡುತ್ತೇವೆ. ವ್ಯತ್ಯಾಸ ಎರಡು ಕಡೆ ಇದೆ. 'ಕೊಂಡ ಮನುಷ್ಯ', 'ಕೊಂಡ ವಸ್ತು' ಎರಡಕ್ಕೂ ಕನ್ನಡದಲ್ಲಿ ಒಂದೇ ರೂಪ ಸಾಕು. ಜರ್ಮನ್‌ನಲ್ಲಿ ಕೊಳ್ಳುತ್ತಿರುವವನಿಗೆ 'ಕೌಫೆಂಡ್', ಕೊಳ್ಳಲಾದ ವಸ್ತುವಿಗೆ 'ಗೆಕೌಫ್ಟ್' ಎಂದು ಬೇರೆ ಬೇರೆ ರೂಪ ಬೇಕು. ಇನ್ನೊಂದು ವ್ಯತ್ಯಾಸ ಆರ್ಟಿಕಲ್‌ನದು. ಅದು ಮೊದಲೇ ಬಂದು ನಾಮಪದದ ಲಿಂಗ, ವಿಭಕ್ತಿಗಳ ಸುಳಿವು ಕೊಟ್ಟುಬಿಡುವುದರಿಂದ, ನಾಮಪದ ಸಿಗುವವರೆಗೂ ಓದುಗ ಆ ಸುಳಿವನ್ನು ನೆನಪಿನಲ್ಲಿ ಹಿಡಿದಿಟ್ಟುಕೊಳ್ಳಬೇಕು.

ಈ ರೂಢಿ ಎಲ್ಲಿಂದ ಬಂತು ಎಂಬುದನ್ನು ವಿಸ್ತಾರವಾಗಿ ಹುಡುಕಿದವರು ಭಾಷಾವಿಜ್ಞಾನಿ ಹೈನ್ರಿಶ್ ವೇಬರ್. 1971ರಲ್ಲಿ ಪ್ರಕಟವಾದ ಅವರ ಅಧ್ಯಯನ ಇದರ ಮೂಲವನ್ನು ಅರಮನೆ, ನಗರಸಭೆಗಳ ಕಚೇರಿ ಬರವಣಿಗೆಯಲ್ಲಿ ಗುರುತಿಸಿತು. ಚಿಕ್ಕ ವಿಶೇಷಣಗಳು ಹಳೆಯ ಜರ್ಮನ್‌ನಲ್ಲೂ ಇದ್ದವು. ಪರಿವಾರ ಕಟ್ಟಿಕೊಂಡ ಉದ್ದನೆಯ ಕೃದಂತಗಳು ವಾಡಿಕೆಯಾದದ್ದು ಮಾತ್ರ 1600ರ ಆಸುಪಾಸಿನಲ್ಲಿ. ಆ ಕಚೇರಿಗಳ ಬರಹಗಾರರು ಲ್ಯಾಟಿನ್ ಓದಿಕೊಂಡವರು. ಲ್ಯಾಟಿನ್‌ನಲ್ಲಿ ಕೃದಂತಗಳ ಬಳಕೆ ಬಹಳ. ಹಾಗಾಗಿ ಇದು ಲ್ಯಾಟಿನ್ ಅನುಕರಣೆ ಎಂಬ ವಾದ ಸುಲಭವಾಗಿ ಹುಟ್ಟಿತು.

ಅದೊಂದೇ ಕಾರಣವಾಗಿರಲಾರದು. ಅದೇ ಕಾಲದಲ್ಲಿ ಜರ್ಮನ್ ಉಪವಾಕ್ಯದ ಕ್ರಿಯಾಪದ ಆ ಉಪವಾಕ್ಯದ ಕೊನೆಗೆ ಬರುವ ನಿಯಮವೂ ಬರವಣಿಗೆಯಲ್ಲಿ ಗಟ್ಟಿಯಾಗುತ್ತಿತ್ತು. ಉಪವಾಕ್ಯದ ಕೊನೆಯ ಸಹಾಯಕ ಕ್ರಿಯಾಪದವನ್ನು ಬಿಟ್ಟು ಬರೆಯುವ ಅಭ್ಯಾಸವೂ ಕಚೇರಿಗಳಲ್ಲಿ ಹಬ್ಬಿತ್ತು. ಅಂಥ ಉಪವಾಕ್ಯದ ಸರ್ವನಾಮವನ್ನೂ ತೆಗೆದು, ಉಳಿದದ್ದನ್ನು ನಾಮಪದದ ಮುಂದಕ್ಕೆ ಸರಿಸಿದರೆ ಸಿಗುವುದು ಇದೇ ರಚನೆ. ಲ್ಯಾಟಿನ್ ಮಾದರಿ ತೋರಿಸಿರಬಹುದು. ಅದು ಬೇರೂರುವ ನೆಲ ಜರ್ಮನ್‌ನಲ್ಲೇ ಸಿದ್ಧವಾಗಿತ್ತು.

ಕಚೇರಿಯಿಂದ ವಿದ್ಯಾಲಯಕ್ಕೆ ಅದು ಬಂದದ್ದು ಲ್ಯಾಟಿನ್‌ನ ಜಾಗಕ್ಕೆ ಜರ್ಮನ್ ಬಂದಾಗ. 1687ರಲ್ಲಿ ಕ್ರಿಸ್ಟಿಯಾನ್ ಥೊಮಾಸಿಯುಸ್ ಲೈಪ್‌ಜಿಗ್ ವಿಶ್ವವಿದ್ಯಾಲಯದಲ್ಲಿ ಜರ್ಮನ್ ಭಾಷೆಯಲ್ಲೇ ಉಪನ್ಯಾಸ ಕೊಡುವುದಾಗಿ ಪ್ರಕಟಿಸಿ ಗದ್ದಲ ಎಬ್ಬಿಸಿದರು. ಮುಂದಿನ ಶತಮಾನದಲ್ಲಿ ಕ್ರಿಸ್ಟಿಯಾನ್ ವೊಲ್ಫ್ ಗಣಿತ, ತತ್ವಶಾಸ್ತ್ರಗಳನ್ನು ಜರ್ಮನ್‌ನಲ್ಲಿ ಬರೆದರು. ವಿದ್ವಾಂಸರ ಕೈಗೆ ಸಿಕ್ಕ ಗದ್ಯದಲ್ಲಿ ಕಚೇರಿಯ ಜಾಡು ಆಗಲೇ ಇತ್ತು. ಗೋಟ್‌ಶೆಡ್, ಆಡೆಲುಂಗ್‌ರಂಥ 18ನೇ ಶತಮಾನದ ಭಾಷಾ ವಿಮರ್ಶಕರು ಕಚೇರಿ ಶೈಲಿಯ ಹೆಣಿಗೆಗಳನ್ನು ಟೀಕಿಸಿದರು. ಸಾಹಿತ್ಯಕ ಗದ್ಯ ಸ್ವಲ್ಪ ಹಗುರಾಯಿತು. ಕಾನೂನು ಮತ್ತು ವಿಜ್ಞಾನ ಹಿಡಿದ ಪಟ್ಟು ಬಿಡಲಿಲ್ಲ.

ವಿಜ್ಞಾನದ ಗದ್ಯ 19ನೇ ಶತಮಾನದ ಮಧ್ಯದ ನಂತರ ಒಂದು ತಿರುವು ಪಡೆಯಿತು. ವಾಕ್ಯಗಳು ಗಿಡ್ಡವಾಗತೊಡಗಿದವು, ಉಪವಾಕ್ಯಗಳು ಕಡಿಮೆಯಾದವು. ಆದರೆ ಹೇಳಬೇಕಾದ ವಿಷಯ ಕಡಿಮೆಯಾಗಲಿಲ್ಲ. ಅದೆಲ್ಲ ನಾಮಪದದ ಸುತ್ತ ಒತ್ತೊತ್ತಾಗಿ ಸೇರಿಕೊಂಡಿತು. ಪೀಟರ್ ಫೊನ್ ಪೊಲೆನ್ಸ್ 1985ರ ತಮ್ಮ ವಾಕ್ಯಾರ್ಥ ವಿಜ್ಞಾನದ ಪುಸ್ತಕದಲ್ಲಿ ಇದನ್ನು ಅದುಮಿದ ಅಭಿವ್ಯಕ್ತಿ ಎಂದು ವಿಶ್ಲೇಷಿಸಿದರು. ಅಲ್ಪವಿರಾಮಗಳು ಕಡಿಮೆಯಾಗಿ ಪುಟ ಹಗುರಾಗಿ ಕಂಡರೂ ಓದುವ ಶ್ರಮ ಹಗುರಾಗಲಿಲ್ಲ.

ಕಾನೂನಿಗೆ ಈ ರಚನೆ ಯಾಕೆ ಬೇಕಾಯಿತು ಎಂಬುದಕ್ಕೆ ಜರ್ಮನ್ ನಾಗರಿಕ ಸಂಹಿತೆಯೇ ಸಾಕ್ಷಿ. 1896ರಲ್ಲಿ ಅಂಗೀಕಾರವಾಗಿ 1900ರ ಜನವರಿ 1ರಂದು ಜಾರಿಗೆ ಬಂದ ಆ ಸಂಹಿತೆಯ 158ನೇ ಕಲಂ ಷರತ್ತುಬದ್ಧ ವ್ಯವಹಾರಗಳ ಬಗ್ಗೆ ಹೇಳುತ್ತದೆ. ಮನೆಗೆ ಬ್ಯಾಂಕ್ ಸಾಲ ಮಂಜೂರಾದರೆ ಮಾತ್ರ ಕ್ರಯಪತ್ರ ಊರ್ಜಿತ ಎಂದು ಇಬ್ಬರು ಒಪ್ಪಿಕೊಂಡಿದ್ದಾರೆ ಎನ್ನೋಣ. ಸಾಲ ಮಂಜೂರಾದ ಕ್ಷಣಕ್ಕೆ ಜಾರಿಗೆ ಬರುವುದು ಏನು? ಸಂಹಿತೆಯ ಉತ್ತರ: 'ಡಿ ಫೊನ್ ಡೆರ್ ಬೆಡಿಂಗುಂಗ್ ಅಬ್‌ಹೆಂಗಿಶ್ ಗೆಮಾಖ್ಟೆ ವಿರ್ಕುಂಗ್', ಅಂದರೆ ಷರತ್ತಿಗೆ ಅಧೀನವಾಗಿಸಿದ ಪರಿಣಾಮ. ಇದನ್ನೇ ಉಪವಾಕ್ಯವಾಗಿ ಬಿಡಿಸಿದರೆ ಒಂದು ಸರ್ವನಾಮ, ಎರಡು ಸಹಾಯಕ ಕ್ರಿಯಾಪದ, ಅಲ್ಪವಿರಾಮಗಳು ಸೇರುತ್ತವೆ. ಅದಕ್ಕಿಂತ ಮುಖ್ಯವಾಗಿ, ಆ ಉಪವಾಕ್ಯ ಯಾವ ನಾಮಪದಕ್ಕೆ ಸೇರಿದ್ದು ಎಂಬ ತಕರಾರು ಏಳಬಹುದು. ಆರ್ಟಿಕಲ್ ಮತ್ತು ನಾಮಪದಗಳ ನಡುವೆ ಕಟ್ಟಿಹಾಕಿದ ವಿಶೇಷಣಕ್ಕೆ ಅಂಥ ತಕರಾರಿಲ್ಲ.

ಈ ಲಾಭ ಎಷ್ಟು ದೊಡ್ಡದು ಎಂಬುದು ಐನ್‌ಸ್ಟೈನ್ ಶೀರ್ಷಿಕೆಯ ಇಂಗ್ಲಿಷ್ ಅನುವಾದದಲ್ಲಿ ಕಾಣುತ್ತದೆ. 1926ರ ಆ ಅನುವಾದದಲ್ಲಿ ಕಣಗಳು, ದ್ರವ ಎರಡೂ ಬಂದ ಮೇಲೆ, ಕೊನೆಯಲ್ಲಿ ಸಿದ್ಧಾಂತ ಅಪೇಕ್ಷಿಸುವ ಎಂಬ ಭಾಗ ಬರುತ್ತದೆ. ಸಿದ್ಧಾಂತ ಅಪೇಕ್ಷಿಸಿದ್ದು ಚಲನೆಯನ್ನೋ ದ್ರವವನ್ನೋ ಎಂಬುದನ್ನು ಓದುಗ ವಿಷಯ ತಿಳಿದೇ ನಿರ್ಧರಿಸಬೇಕು. ಜರ್ಮನ್ ಶೀರ್ಷಿಕೆಯಲ್ಲಿ ಆ ಅನುಮಾನಕ್ಕೆ ಎಡೆಯಿಲ್ಲ.

ಕಳೆದುಕೊಳ್ಳುವುದೂ ಇದೆ. ಷರತ್ತಿಗೆ ಅಧೀನವಾಗಿಸಿದವರು ಯಾರು, ಯಾವಾಗ ಎಂಬುದು ಆ ಪದಗುಚ್ಛದಲ್ಲಿಲ್ಲ. ಕರ್ತೃವೂ ಕಾಲವೂ ಕಾಣೆ. ಇನ್ನೂ ಸೂಕ್ಷ್ಮವಾದದ್ದು 'ತ್ಸು' ಎಂಬ ಪದ ಸೇರಿದ ಕೃದಂತ. 'ಡಿ ತ್ಸು ತ್ಸಾಲೆಂಡೆ ಝುಮೆ' ಎಂದರೆ ಕಟ್ಟಲೇಬೇಕಾದ ಮೊತ್ತ. ಅದೇ ರಚನೆಯಲ್ಲಿ 'ತ್ಸು ಎರ್‌ವಾರ್ಟೆಂಡೆ' ಎಂದರೆ ನಿರೀಕ್ಷಿಸಬಹುದಾದದ್ದು. ಒಂದೇ ರೂಪ ಒಮ್ಮೆ ಕರ್ತವ್ಯವನ್ನೂ ಒಮ್ಮೆ ಸಾಧ್ಯತೆಯನ್ನೂ ಹೇಳುವುದರಿಂದ, ಕರಾರುಪತ್ರ ಬರೆಯುವವರು ಅಲ್ಲಿ ಎಚ್ಚರ ತಪ್ಪುವಂತಿಲ್ಲ.

ಎಲ್ಲ ಕ್ರಿಯಾಪದಗಳಿಂದಲೂ ಈ ವಿಶೇಷಣ ಹುಟ್ಟುವುದಿಲ್ಲ. ಬಂದ ಸರಕು ಎಂಬರ್ಥದ 'ಆಂಗೆಕೊಮೆನೆ ವಾರೆ' ಸರಿ, ಏಕೆಂದರೆ ಬರು ಎಂಬ ಆ ಕ್ರಿಯಾಪದ ಭೂತಕಾಲದಲ್ಲಿ 'ಝೈನ್' ಎಂಬ ಸಹಾಯಕವನ್ನು ಹಿಡಿಯುತ್ತದೆ. ಮಲಗಿದ್ದ ಮಗು ಎನ್ನಲು 'ಗೆಶ್ಲಾಫೆನೆಸ್ ಕಿಂಡ್' ಎಂದರೆ ತಪ್ಪು. ಮಲಗು ಎಂಬ ಕ್ರಿಯಾಪದಕ್ಕೆ 'ಹಾಬೆನ್' ಸಹಾಯಕ, ಜೊತೆಗೆ ಅದು ಅಕರ್ಮಕ. ಆದರೂ ನಡೆದ ಸಭೆ ಎನ್ನಲು 'ಶ್ಟಾಟ್‌ಗೆಫುಂಡೆನೆ ಝಿಟ್ಸುಂಗ್' ಎಂದು ವರದಿಗಳಲ್ಲಿ ನುಸುಳುವುದುಂಟು. ಅದೂ 'ಹಾಬೆನ್' ಗುಂಪಿನ ಅಕರ್ಮಕವೇ ಆದ್ದರಿಂದ ಶೈಲಿ ಕೈಪಿಡಿಗಳು ಅದನ್ನು ತಪ್ಪೆಂದೇ ತಿದ್ದುತ್ತವೆ.

ಹೊರಗಿನವರಿಗೆ ಈ ರಚನೆಯನ್ನು ನಗೆಯ ವಸ್ತುವಾಗಿಸಿದವರು ಮಾರ್ಕ್ ಟ್ವೇನ್. 1880ರ ತಮ್ಮ ಪ್ರವಾಸ ಕಥನದ ಅನುಬಂಧದಲ್ಲಿ ಅವರು ಒಂದು ಜನಪ್ರಿಯ ಜರ್ಮನ್ ಕಾದಂಬರಿಯ ವಾಕ್ಯವನ್ನೆತ್ತಿಕೊಂಡು ಆಡಿಕೊಂಡರು. ಅಧಿಕಾರಿಯ ಹೆಂಡತಿ ಎದುರಾಗುವ ಸಾಲು ಅದು. ಆಕೆಯ ಉಡುಗೆಯ ವರ್ಣನೆ ಮುಗಿಯುವವರೆಗೂ ಎದುರಾದವರು ಯಾರೆಂದು ತಿಳಿಯುವುದಿಲ್ಲ. ಪ್ರೇಮ ಕಾದಂಬರಿಯಲ್ಲೂ ಅಂಥ ಸಾಲು ಇತ್ತೆಂದರೆ ಆ ರೂಢಿ ಎಷ್ಟು ದೂರ ಹಬ್ಬಿತ್ತು ಎಂದು ತಿಳಿಯುತ್ತದೆ. ಜರ್ಮನರೂ ಸುಮ್ಮನಿರಲಿಲ್ಲ. 1889ರಲ್ಲಿ ಓಟೊ ಶ್ರೋಡರ್ ಕಾಗದದ ಶೈಲಿಯ ವಿರುದ್ಧ ಪುಸ್ತಕವನ್ನೇ ಬರೆದರು.

ಓದಲು ಕಲಿಯುವವರಿಗೆ ಮೇಷ್ಟರುಗಳು ಹೇಳಿಕೊಡುವ ವಿಧಾನ ಸರಳ. ಆರ್ಟಿಕಲ್ ಆದ ತಕ್ಷಣ 'ಫೊನ್', 'ಇನ್', 'ನಾಖ್' ಥರದ ಪದವೋ ಇನ್ನೊಂದು ಆರ್ಟಿಕಲ್ಲೋ ಬಂದರೆ ಅಲ್ಲಿ ಆವರಣ ತೆರೆಯಿತು ಎಂದು ಗುರುತು ಹಾಕಬೇಕು. ಮೊದಲ ಆರ್ಟಿಕಲ್‌ಗೆ ಲಿಂಗ, ವಿಭಕ್ತಿ ಹೊಂದುವ ನಾಮಪದಕ್ಕೆ ನೇರ ಜಿಗಿಯಬೇಕು. ಅದರ ಹಿಂದಿನ ಕೃದಂತ ಹಿಡಿದು, ಆಮೇಲೆ ನಡುವಿನದನ್ನು ಓದಬೇಕು. ನಡುವೆ ಇನ್ನೊಂದು ಆವರಣವಿದ್ದರೆ ಅದಕ್ಕೂ ಇದೇ ಕ್ರಮ.

ಸರ್ಕಾರದ ಕಡೆಯಿಂದಲೂ ತಿದ್ದುವ ಪ್ರಯತ್ನ ನಡೆದಿದೆ. ಜರ್ಮನ್ ಭಾಷಾ ಸಂಘದ ಸಂಪಾದಕರ ತಂಡವೊಂದು 1966ರಿಂದ ಸಂಸತ್ತಿನಲ್ಲಿ ಕೆಲಸ ಮಾಡುತ್ತಿದೆ. 2009ರಿಂದ ಕಾನೂನು ಸಚಿವಾಲಯದಲ್ಲೂ ಭಾಷಾ ಸಂಪಾದಕರಿದ್ದಾರೆ. ಕರಡು ಮಸೂದೆಗಳು ಆದಷ್ಟೂ ಎಲ್ಲರಿಗೂ ಅರ್ಥವಾಗುವಂತಿರಬೇಕು ಎಂದು ಸಚಿವಾಲಯಗಳ ಕಾರ್ಯವಿಧಾನದ ನಿಯಮವೇ ಹೇಳುತ್ತದೆ. ಉದ್ದನೆಯ ವಿಶೇಷಣಗಳನ್ನು ಬಿಡಿಸಿ ಎರಡು ವಾಕ್ಯ ಮಾಡುವುದು ಇಂಥ ತಿದ್ದುಪಡಿಯ ಒಂದು ದಾರಿ.

ಆದರೂ ಕಾನೂನು ಹಳೆಯ ಸಾಧನಕ್ಕೇ ಮತ್ತೆ ಮತ್ತೆ ಕೈಹಾಕುತ್ತದೆ. ಮನೆ ಬಾಗಿಲಲ್ಲಿ, ಬೀದಿಯಲ್ಲಿ ಮಾಡಿಕೊಂಡ ಖರೀದಿ ಒಪ್ಪಂದಗಳಿಗೆ ಗ್ರಾಹಕ ರಕ್ಷಣೆ ಕೊಡಬೇಕೆಂದು ಐರೋಪ್ಯ ಒಕ್ಕೂಟ ನಿರ್ದೇಶಿಸಿದ ಮೇಲೆ, ನಾಗರಿಕ ಸಂಹಿತೆಗೆ ಹೊಸ ನಿಯಮಗಳು ಬಂದು 2014ರ ಜೂನ್ 13ರಂದು ಜಾರಿಯಾದವು. ಅಂಥ ಒಪ್ಪಂದಗಳಿಗೆ ಮೀಸಲಾದ 312ಬಿ ಕಲಮಿನ ತಲೆಬರಹ 'ಔಸರ್‌ಹಾಲ್ಬ್ ಫೊನ್ ಗೆಶೆಫ್ಟ್ಸ್‌ರೋಯ್ಮೆನ್ ಗೆಶ್ಲೊಸೆನೆ ಫೆರ್‌ಟ್ರೇಗೆ', ಅಂದರೆ ವ್ಯಾಪಾರ ಸ್ಥಳಗಳ ಹೊರಗೆ ಮಾಡಿಕೊಂಡ ಒಪ್ಪಂದಗಳು. ಪರಿವಾರ ಸಮೇತ ಆ ಕೃದಂತವೇ ಇಲ್ಲಿ ಒಂದು ಕಾನೂನು ಪರಿಭಾಷೆಯಾಗಿದೆ. ಬಾಗಿಲಿಗೆ ಬಂದ ಮಾರಾಟಗಾರನಿಂದ ಏನಾದರೂ ಕೊಂಡು ಆ ಒಪ್ಪಂದ ರದ್ದುಮಾಡಲು ಹೊರಟ ಜರ್ಮನ್ ಗ್ರಾಹಕ ತನ್ನ ಹಕ್ಕನ್ನು ಹುಡುಕಬೇಕಾದದ್ದು ಈ ತಲೆಬರಹದಿಂದಲೇ.