ವೈದ್ಯಕೀಯ ಪತ್ರದ ಅನುವಾದ: ಅಮೆರಿಕದ ರಜೆಗೆ ಏನು ಬೇಕು?

ಅಮೆರಿಕದಲ್ಲಿ ಉದ್ಯೋಗದಲ್ಲಿರುವ ಚನ್ನರಾಯನದುರ್ಗದ ಯುವಕನೊಬ್ಬ ತಾಯಿಯ ಶುಶ್ರೂಷೆಗೆಂದು ಊರಿಗೆ ಬಂದಿದ್ದಾನೆಂದು ಭಾವಿಸೋಣ. ಅಲ್ಲಿನ 1993ರ ಕೌಟುಂಬಿಕ ಮತ್ತು ವೈದ್ಯಕೀಯ ರಜೆ ಕಾಯ್ದೆಯನ್ವಯ ಅರ್ಹ ನೌಕರನಿಗೆ ವರ್ಷದಲ್ಲಿ 12 ವಾರಗಳವರೆಗೆ ವೇತನರಹಿತ ರಜೆ ದೊರೆಯುತ್ತದೆ. ತಾಯಿ ಬೇರೆ ದೇಶದಲ್ಲಿದ್ದರೆ ಆ ದೇಶದ ವೈದ್ಯರ ಪ್ರಮಾಣಪತ್ರವನ್ನೇ ಸಂಸ್ಥೆ ಒಪ್ಪಬೇಕು. ಅದು ಕನ್ನಡದಲ್ಲಿದ್ದು ಸಂಸ್ಥೆ ಕೇಳಿದಲ್ಲಿ, ಲಿಖಿತ ಅನುವಾದ ಒದಗಿಸುವ ಹೊಣೆ ನೌಕರನದು. ಪ್ರಮಾಣಪತ್ರ ಸಲ್ಲಿಸಲು ಸಾಮಾನ್ಯವಾಗಿ 15 ದಿನಗಳ ಕಾಲಾವಕಾಶವಿರುತ್ತದೆ.

ನಮ್ಮ ವೈದ್ಯರು ಬಹುತೇಕ ಇಂಗ್ಲಿಷಿನಲ್ಲೇ ಬರೆಯುತ್ತಾರೆ. ಕನ್ನಡ ಉಳಿಯುವುದು ಮೊಹರು, ಷರಾಗಳಲ್ಲಿ. ಅವನ್ನೂ ಬಿಡದೆ ಅನುವಾದಿಸಬೇಕು. ದಿನಾಂಕವೇ ದೊಡ್ಡ ತೊಡಕು. 05-04-2025 ಎಂಬುದನ್ನು ಅಮೆರಿಕನ್ನರು ಮೇ 4 ಎಂದು ಓದುತ್ತಾರೆ, ಆಗ ರಜೆಯ ಅವಧಿಯೇ ಪಲ್ಲಟವಾಗುತ್ತದೆ. ಆದ್ದರಿಂದ ತಿಂಗಳನ್ನು ಅಕ್ಷರದಲ್ಲಿ ಬರೆಯುವುದು ಕ್ಷೇಮ. ಓದಲಾಗದ ಪದವನ್ನು ಊಹಿಸದೆ ‘ಅಸ್ಪಷ್ಟ’ ಎಂದೇ ನಮೂದಿಸಬೇಕು. ‘ವಿಶ್ರಾಂತಿ ಅಗತ್ಯ’ ಎಂದಿರುವುದನ್ನು ‘ಗಂಭೀರ ಕಾಯಿಲೆ’ ಎಂದು ಹಿಗ್ಗಿಸಿದರೆ ಅದು ಅನುವಾದವಲ್ಲ, ತಿದ್ದುಪಡಿ. ಸ್ಥಿತಿ ನಿಜಕ್ಕೂ ಗಂಭೀರವಾಗಿದ್ದರೆ ಅದನ್ನು ವೈದ್ಯರಿಂದಲೇ ಬರೆಸಿ ತರಬೇಕು.

ಅದೇ ದಾಖಲೆಯನ್ನು ಅಮೆರಿಕದ ವಲಸೆ ಇಲಾಖೆಗೆ ಸಲ್ಲಿಸುವುದಾದರೆ, ಅನುವಾದವು ಪೂರ್ಣ ಹಾಗೂ ನಿಖರವೆಂದೂ, ತಾನು ಭಾಷಾಂತರಿಸಲು ಸಮರ್ಥನೆಂದೂ ಅನುವಾದಕ ಪ್ರಮಾಣೀಕರಿಸಬೇಕು. ನೋಟರಿಯ ಮುದ್ರೆಯನ್ನು ಈ ನಿಯಮ ಕೇಳುವುದಿಲ್ಲ. ನೋಟರಿ ದೃಢೀಕರಿಸುವುದು ಅನುವಾದಕನ ಸಹಿಯನ್ನೇ ಹೊರತು ಭಾಷಾಂತರದ ಸರಿತಪ್ಪನ್ನಲ್ಲ.